ಸೊನ್ನೆಯಿಂದ ಎದ್ದ ಕಂಬ, ಹದವಾದ ಬಣ್ಣ

ಸಮೀಕ್ಷೆಯ ಅಂಕಿಗಳನ್ನು ಇನ್ಫೋಗ್ರಾಫಿಕ್ ಆಗಿ ಬರೆದಾಗ ಓದುಗರ ಕಣ್ಣು ಮೊದಲು ಅಂಕಿಯನ್ನು ಓದುವುದಿಲ್ಲ, ಕಂಬದ ಉದ್ದವನ್ನು ಅಳೆಯುತ್ತದೆ. ಎರಡು ಕಂಬಗಳಲ್ಲಿ ಒಂದು ಗಿಡ್ಡಗಿದ್ದರೆ ಅದು ಎಷ್ಟು ಗಿಡ್ಡ ಎಂಬ ಅಂದಾಜು ಕ್ಷಣದಲ್ಲೇ ಮನಸ್ಸಿನಲ್ಲಿ ಕೂತುಬಿಡುತ್ತದೆ. ಕಂಬದ ತಲೆಯ ಮೇಲೆ ಬರೆದ ಅಂಕಿ ಬೇರೇನೋ ಹೇಳುತ್ತಿದ್ದರೂ ಉಳಿಯುವುದು ಆ ಮೊದಲ ಅಂದಾಜೇ. ಹೀಗಾಗಿ ಅಂಕಿಗಳನ್ನು ಸರಿಯಾಗಿ ಅಚ್ಚು ಹಾಕಿದ ಮಾತ್ರಕ್ಕೆ ಚಿತ್ರ ಸತ್ಯವಾಗುವುದಿಲ್ಲ. ಅಂಕಿಗಳ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ಅಂತರ ಕಣ್ಣಿಗೂ ಕಾಣಬೇಕು.

ಇದನ್ನು ನೋಡಲು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದು ಸೂಚಕ ಸಾಕು. ಐದು ವರ್ಷದೊಳಗಿನ ಮಗುವಿನ ಎತ್ತರ ಅದರ ವಯಸ್ಸಿಗೆ ತಕ್ಕಷ್ಟು ಇಲ್ಲದಿದ್ದರೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸಿದ ಮಿತಿಗಿಂತ ಕೆಳಗಿದ್ದರೆ, ಅದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ. ಕರ್ನಾಟಕದಲ್ಲಿ ಇಂಥ ಮಕ್ಕಳ ಪ್ರಮಾಣ 2005-06ರ ಮೂರನೇ ಸಮೀಕ್ಷೆಯಲ್ಲಿ ಶೇ 43.7, 2015-16ರ ನಾಲ್ಕನೆಯದರಲ್ಲಿ ಶೇ 36.2, 2019-21ರ ಐದನೆಯದರಲ್ಲಿ ಶೇ 35.4 ಇತ್ತು. ಈ ಮೂರೇ ಅಂಕಿಗಳಿಂದ ಒಳ್ಳೆಯ ಚಿತ್ರವನ್ನೂ ಬರೆಯಬಹುದು, ದಾರಿ ತಪ್ಪಿಸುವ ಚಿತ್ರವನ್ನೂ ಬರೆಯಬಹುದು.

ಚಿತ್ರಕ್ಕೆ ಕೈಹಾಕುವ ಮೊದಲು ಅಂಕಿಗಳು ಎಷ್ಟು ಭಾರ ಹೊರಬಲ್ಲವು ಎಂದು ತಿಳಿಯಬೇಕು. ಸಮೀಕ್ಷೆಯವರು ರಾಜ್ಯದ ಎಲ್ಲ ಮಕ್ಕಳನ್ನು ಅಳೆದಿಲ್ಲ. ಆಯ್ದ ಹಳ್ಳಿ ಮತ್ತು ವಾರ್ಡುಗಳ ಆಯ್ದ ಮನೆಗಳಲ್ಲಿದ್ದ ಮಕ್ಕಳನ್ನು ಅಳೆದಿದ್ದಾರೆ. ಬೇರೆ ಮನೆಗಳು ಆಯ್ಕೆಯಾಗಿದ್ದರೆ ಉತ್ತರ ಸ್ವಲ್ಪ ಬೇರೆಯಾಗಿರುತ್ತಿತ್ತು. ಎಂಟು ಸಾವಿರ ಮಕ್ಕಳನ್ನು ಅಳೆದು ಶೇ 35 ಎಂಬ ಉತ್ತರ ಬಂದಿದೆ ಎಂದಿಟ್ಟುಕೊಂಡರೆ, ಸರಳ ಲೆಕ್ಕದಲ್ಲಿ ಅದರ ಆಚೀಚೆ ಸುಮಾರು ಒಂದು ಶೇಕಡಾ ಅಂಶದಷ್ಟು ಅನಿಶ್ಚಿತತೆ ಇರುತ್ತದೆ. ಒಂದೇ ಊರಿನ ಮಕ್ಕಳ ಸ್ಥಿತಿಗತಿ ಒಂದೇ ತೆರನಾಗಿರುವುದರಿಂದ ನಿಜವಾದ ಅನಿಶ್ಚಿತತೆ ಅದಕ್ಕಿಂತ ಹೆಚ್ಚು. ಎರಡು ಸಮೀಕ್ಷೆಗಳನ್ನು ಹೋಲಿಸಿದಾಗ ಎರಡರ ಅನಿಶ್ಚಿತತೆಯೂ ಸೇರಿಕೊಂಡು, ಆಚೀಚೆ ಒಂದೂವರೆ ಅಂಶಕ್ಕೂ ಮೀರುತ್ತದೆ. 36.2ರಿಂದ 35.4ಕ್ಕೆ ಇಳಿದದ್ದು 0.8 ಅಂಶ ಮಾತ್ರ. ಈ ಇಳಿಕೆ ನಿಜವಾದದ್ದೋ, ಮಾದರಿಯ ಏರುಪೇರೋ ಎಂದು ಇಷ್ಟರಿಂದ ಹೇಳಲಾಗದು. ಅದೇ 43.7ರಿಂದ 36.2ಕ್ಕೆ ಆದ ಇಳಿಕೆ ಏಳೂವರೆ ಅಂಶ; ಅದರ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಮೊದಲು ಚುರುಕಾಗಿ ಇಳಿದದ್ದು ಆಮೇಲೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ ಎಂಬುದೇ ಈ ಚಿತ್ರ ಹೇಳಬೇಕಾದ ಸುದ್ದಿ.

ಈಗ ಕೊನೆಯ ಎರಡು ಅಂಕಿಗಳನ್ನು ಮಾತ್ರ ಸ್ತಂಭನಕ್ಷೆಯಾಗಿ ಬರೆದರೆ ಏನಾಗುತ್ತದೆ ನೋಡೋಣ. ಅಂಕಿಗಳು ಹತ್ತಿರ ಹತ್ತಿರ ಇದ್ದಾಗ ಸ್ಪ್ರೆಡ್‌ಶೀಟ್ ತಂತ್ರಾಂಶಗಳು ಎಷ್ಟೋ ಸಲ ತಾವಾಗಿಯೇ ಅಕ್ಷವನ್ನು ಸೊನ್ನೆಯ ಬದಲು ಮೇಲಿನ ಯಾವುದೋ ಅಂಕಿಯಿಂದ ಶುರುಮಾಡುತ್ತವೆ. ಅದು 34ರಿಂದ ಶುರುವಾಯಿತೆನ್ನಿ. ಆಗ ಮೊದಲ ಕಂಬದ ಕಾಣುವ ಉದ್ದ 2.2 ಅಂಶ, ಎರಡನೆಯದರದ್ದು 1.4 ಅಂಶ. ಕುಂಠಿತ ಬೆಳವಣಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತಗ್ಗಿತು ಎಂದು ಕಣ್ಣಿಗೆ ತೋರುತ್ತದೆ. ನಿಜದಲ್ಲಿ ಪ್ರಮಾಣ ತಗ್ಗಿದ್ದು ನೂರಕ್ಕೆ ಎರಡರಷ್ಟು. ಅಮೆರಿಕದ ಎಡ್ವರ್ಡ್ ಟಫ್ಟಿ 1983ರ ತಮ್ಮ ಪುಸ್ತಕದಲ್ಲಿ ಇಂಥ ವಿಕೃತಿಯನ್ನು ಅಳೆಯಲು ಒಂದು ಭಾಗಾಕಾರ ಸೂಚಿಸಿದರು. ಚಿತ್ರದಲ್ಲಿ ಕಾಣುವ ಬದಲಾವಣೆಯನ್ನು ಅಂಕಿಗಳಲ್ಲಿರುವ ಬದಲಾವಣೆಯಿಂದ ಭಾಗಿಸಬೇಕು. ಉತ್ತರ ಒಂದರ ಆಸುಪಾಸಿನಲ್ಲಿದ್ದರೆ ಚಿತ್ರ ಪ್ರಾಮಾಣಿಕ. ಇಲ್ಲಿ ಶೇ 36.4ನ್ನು ಶೇ 2.2ರಿಂದ ಭಾಗಿಸಿದರೆ ಹದಿನಾರಕ್ಕೂ ಹೆಚ್ಚು ಬರುತ್ತದೆ. ಅಂದರೆ ಚಿತ್ರ ಸುದ್ದಿಯನ್ನು ಹದಿನಾರು ಪಟ್ಟು ಹಿಗ್ಗಿಸಿದೆ.

ಕಂಬದಲ್ಲಿ ಉದ್ದವೇ ಬೆಲೆ. ಬುಡ ಕತ್ತರಿಸಿದರೆ ಬೆಲೆಯನ್ನೇ ಕತ್ತರಿಸಿದಂತೆ. ಆದ್ದರಿಂದ ಕಂಬಗಳ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು, ಇದಕ್ಕೆ ರಿಯಾಯಿತಿ ಇಲ್ಲ. ಸೊನ್ನೆಯಿಂದ 50ರವರೆಗಿನ ಅಕ್ಷವನ್ನು ಹತ್ತು ಸೆಂಟಿಮೀಟರ್ ಎತ್ತರಕ್ಕೆ ಬರೆದರೆ 36.2ರ ಕಂಬ 7.24 ಸೆಂ.ಮೀ., 35.4ರದ್ದು 7.08 ಸೆಂ.ಮೀ. ಆಗುತ್ತದೆ. ವ್ಯತ್ಯಾಸ ಎರಡು ಮಿಲಿಮೀಟರಿಗೂ ಕಡಿಮೆ. ಚಿತ್ರ ಸಪ್ಪೆಯಾಯಿತು ಎಂದು ಪುಟವಿನ್ಯಾಸಕರು ಗೊಣಗಬಹುದು. ಆದರೆ ಆ ಎರಡು ಸಮೀಕ್ಷೆಗಳ ನಡುವೆ ನಡೆದದ್ದೂ ಅಷ್ಟೇ, ಅದನ್ನು ಓದುಗರಿಂದ ಮುಚ್ಚಿಡಬಾರದು.

ಕಂಬದ ಬದಲು ಮಗುವಿನ ಆಕೃತಿ ಬರೆಯುವ ಆಸೆ ಈ ವಿಷಯದಲ್ಲಿ ಬಹಳ ಬಲವಾಗಿರುತ್ತದೆ, ಅಪಾಯವೂ ಅಷ್ಟೇ ದೊಡ್ಡದು. ಐದನೇ ಸಮೀಕ್ಷೆಯಲ್ಲಿ ಮೇಘಾಲಯದ ಪ್ರಮಾಣ ಶೇ 46.5, ಕೇರಳದ್ದು ಶೇ 23.4, ಸುಮಾರು ಎರಡು ಪಟ್ಟು. ಮೇಘಾಲಯಕ್ಕೆ ಎರಡು ಪಟ್ಟು ಎತ್ತರದ ಮಗುವನ್ನು ಬರೆದರೆ, ಆಕಾರ ಕೆಡದಿರಲೆಂದು ಅಗಲವೂ ಎರಡು ಪಟ್ಟಾಗುತ್ತದೆ, ಕಾಗದದ ಮೇಲೆ ಅದು ತುಂಬುವ ಜಾಗ ನಾಲ್ಕು ಪಟ್ಟಾಗುತ್ತದೆ. ಸಾಲದ್ದಕ್ಕೆ, ಬೆಳವಣಿಗೆ ಹೆಚ್ಚು ಕುಂಠಿತವಾದ ಕಡೆ ಮಗು ಎತ್ತರವಾಗಿ ಕಾಣುತ್ತದೆ! ಆಕೃತಿ ಬೇಕೇ ಬೇಕೆಂದರೆ ಒಂದೇ ಅಳತೆಯ ಚಿಕ್ಕ ಆಕೃತಿಗಳನ್ನು ನೂರು ಸಾಲಾಗಿ ನಿಲ್ಲಿಸಿ, ಅವುಗಳಲ್ಲಿ 35ಕ್ಕೆ ಬಣ್ಣ ತುಂಬುವುದು ಸರಿಯಾದ ದಾರಿ. ಅಲ್ಲಿ ಓದುಗರು ಎಣಿಸುತ್ತಾರೆ, ಗಾತ್ರ ಹೋಲಿಸುವ ಪ್ರಮೇಯ ಬರುವುದಿಲ್ಲ.

ಮೂರೂ ಸಮೀಕ್ಷೆಗಳ ಓಟವನ್ನು ತೋರಿಸಲು ರೇಖಾನಕ್ಷೆ ಸೂಕ್ತ. ಅಲ್ಲಿ ಬೆಲೆ ಇರುವುದು ಬಿಂದು ಕೂತ ಜಾಗದಲ್ಲಿ, ಉದ್ದದಲ್ಲಲ್ಲ. ಹಾಗಾಗಿ ಲಂಬ ಅಕ್ಷ ಸೊನ್ನೆಯಿಂದ ಶುರುವಾಗಲೇಬೇಕೆಂಬ ಕಟ್ಟುಪಾಡು ಸಡಿಲವಾಗುತ್ತದೆ. ಅಕ್ಷದ ಅಂಕಿಗಳು ಸ್ಪಷ್ಟವಾಗಿ ಕಂಡರೆ ಸಾಕು. ಆದರೆ ಇಲ್ಲಿ ಮೋಸ ಅಡಗುವ ಜಾಗ ಅಡ್ಡ ಅಕ್ಷ, ಅದನ್ನು ಗಮನಿಸುವವರು ಕಡಿಮೆ. ಮೂರನೇ ಮತ್ತು ನಾಲ್ಕನೇ ಸಮೀಕ್ಷೆಗಳ ನಡುವೆ ಸುಮಾರು ಹತ್ತು ವರ್ಷಗಳ ಅಂತರವಿದೆ. ಐದನೇ ಸಮೀಕ್ಷೆಯ ಕ್ಷೇತ್ರಕಾರ್ಯ ಕರ್ನಾಟಕದಲ್ಲಿ ನಡೆದದ್ದು ಮೊದಲ ಹಂತದಲ್ಲಿ, 2019ರಲ್ಲಿ. ಹಾಗಾಗಿ ನಾಲ್ಕಕ್ಕೂ ಐದಕ್ಕೂ ನಡುವಿನ ಅಂತರ ನಾಲ್ಕು ವರ್ಷದ ಆಸುಪಾಸು. ಮೂರು ಬಿಂದುಗಳನ್ನು ಸಮದೂರದಲ್ಲಿಟ್ಟರೆ ಮೊದಲ ಇಳಿಜಾರು ಎರಡನೆಯದಕ್ಕಿಂತ ಒಂಬತ್ತು ಪಟ್ಟು ಕಡಿದಾಗುತ್ತದೆ. ವರ್ಷಕ್ಕೆ ಇಷ್ಟೆಂದು ಲೆಕ್ಕ ಹಾಕಿದರೆ ಮೊದಲು ವರ್ಷಕ್ಕೆ ಮುಕ್ಕಾಲು ಅಂಶ, ಆಮೇಲೆ ಕಾಲು ಅಂಶಕ್ಕೂ ತುಸು ಕಡಿಮೆ. ಇವುಗಳ ಅನುಪಾತ ನಾಲ್ಕು ಪಟ್ಟಿನ ಹತ್ತಿರ ಬರುತ್ತದೆ. ಇಳಿಕೆಯ ವೇಗ ಕುಗ್ಗಿದ್ದು ನಿಜ. ಸಮದೂರದ ಚಿತ್ರ ಆ ಕುಗ್ಗುವಿಕೆಯನ್ನು ಎರಡು ಪಟ್ಟು ಮಾಡಿ ತೋರಿಸುತ್ತದೆ. ಬಿಂದುಗಳನ್ನು ಇಸವಿಗೆ ತಕ್ಕ ದೂರದಲ್ಲಿ ಕೂರಿಸಿದರೆ ಈ ತಪ್ಪು ತಾನಾಗಿ ಹೋಗುತ್ತದೆ. ಪ್ರತಿ ಬಿಂದುವಿನ ಮೇಲೆ ಕೆಳಗೆ ಅನಿಶ್ಚಿತತೆಯ ಸಣ್ಣ ಗೆರೆ ಎಳೆದರೆ, ಕೊನೆಯ ಎರಡು ಬಿಂದುಗಳ ಗೆರೆಗಳು ಒಂದರ ವ್ಯಾಪ್ತಿಯಲ್ಲಿ ಇನ್ನೊಂದು ಹಾದುಹೋಗುವುದು ಓದುಗರಿಗೇ ಕಾಣುತ್ತದೆ.

ರಾಜ್ಯಗಳ ಹೋಲಿಕೆಗೆ ಬಂದಾಗ ಬಣ್ಣದ ಪ್ರಶ್ನೆ ಏಳುತ್ತದೆ. ಐದನೇ ಸಮೀಕ್ಷೆಯಲ್ಲಿ ಕೇರಳ ಶೇ 23.4, ತಮಿಳುನಾಡು 25.0, ಆಂಧ್ರಪ್ರದೇಶ 31.2, ತೆಲಂಗಾಣ 33.1, ಕರ್ನಾಟಕ 35.4, ಇಡೀ ದೇಶದ್ದು 35.5. ಐದು ರಾಜ್ಯಗಳಿಗೆ ಐದು ಬಣ್ಣ ಕೊಟ್ಟರೆ ಯಾವ ಬಣ್ಣ ಯಾವ ರಾಜ್ಯದ್ದು ಎಂದು ಪಕ್ಕದ ಸೂಚಿಯನ್ನು ಪದೇ ಪದೇ ನೋಡಬೇಕಾಗುತ್ತದೆ, ಆ ಬಣ್ಣಗಳು ಯಾವ ಹೊಸ ಮಾಹಿತಿಯನ್ನೂ ಕೊಡುವುದಿಲ್ಲ. ರಾಜ್ಯಗಳನ್ನು ಅಕಾರಾದಿಯ ಬದಲು ಪ್ರಮಾಣದ ಕ್ರಮದಲ್ಲಿ ಜೋಡಿಸಿ, ಹೆಸರನ್ನು ಕಂಬದ ಪಕ್ಕದಲ್ಲೇ ಬರೆದು, ಎಲ್ಲಕ್ಕೂ ಬೂದು ಬಣ್ಣ ಹಚ್ಚಿ, ಕರ್ನಾಟಕಕ್ಕೆ ಮಾತ್ರ ಗಾಢ ನೀಲಿ ಕೊಟ್ಟರೆ ದಕ್ಷಿಣದ ಐದು ರಾಜ್ಯಗಳಲ್ಲಿ ಅದೇ ಕೊನೆಯಲ್ಲಿದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ದೇಶದ ಸರಾಸರಿಗೆ ಒಂದು ತೆಳು ಗೆರೆ ಸಾಕು.

ಭೂಪಟ ಬರೆಯುವಾಗ ಬಣ್ಣ ಬೆಲೆಯನ್ನೇ ಹೊತ್ತಿರುತ್ತದೆ, ಆದ್ದರಿಂದ ಹೆಚ್ಚು ಎಚ್ಚರ ಬೇಕು. ವಿಲಿಯಂ ಕ್ಲೀವ್ಲೆಂಡ್ ಮತ್ತು ರಾಬರ್ಟ್ ಮೆಗಿಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಅಕ್ಷದ ಮೇಲಿನ ಸ್ಥಾನವನ್ನು ಜನ ಅತಿ ನಿಖರವಾಗಿ ಓದುತ್ತಾರೆ. ಉದ್ದ, ಕೋನ, ವಿಸ್ತೀರ್ಣ ಅದರ ನಂತರ. ಬಣ್ಣದ ಗಾಢತೆ ಕೊನೆಯ ಸಾಲಿನಲ್ಲಿ. ಅಂದರೆ ಭೂಪಟದ ಬಣ್ಣದಿಂದ ಸೂಕ್ಷ್ಮ ವ್ಯತ್ಯಾಸ ತಿಳಿಯುತ್ತದೆ ಎಂದು ನಿರೀಕ್ಷಿಸಬಾರದು. ಒಂದೇ ಬಣ್ಣದ ನಾಲ್ಕೈದು ಛಾಯೆಗಳು, ಪ್ರಮಾಣ ಹೆಚ್ಚಿದಂತೆ ಗಾಢ, ಇಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು. ಸಿಂಥಿಯಾ ಬ್ರೂವರ್ ರೂಪಿಸಿದ ಕಲರ್‌ಬ್ರೂವರ್ ಎಂಬ ಉಚಿತ ಸಾಧನದಲ್ಲಿ ಇಂಥ ಛಾಯಾಸರಣಿಗಳು ಸಿದ್ಧವಾಗಿ ಸಿಗುತ್ತವೆ.

ಕೆಂಪು-ಹಸಿರಿನ ಜೋಡಿಯನ್ನು ಎರಡು ಕಾರಣಕ್ಕೆ ಬಿಡಬೇಕು. ಆ ಎರಡು ಬಣ್ಣಗಳ ಭೇದ ಕಾಣದ ಓದುಗರು ಇದ್ದಾರೆ, ಅವರಲ್ಲಿ ಹೆಚ್ಚಿನವರು ಗಂಡಸರು. ಇನ್ನೂ ಮುಖ್ಯವಾಗಿ, ಹಸಿರು ಎಂದರೆ ಎಲ್ಲ ಸರಿ ಇದೆ ಎಂಬ ತೀರ್ಪು. ವಿಶ್ವ ಆರೋಗ್ಯ ಸಂಸ್ಥೆ ಈಗ ಬಳಸುವ ವರ್ಗೀಕರಣದಲ್ಲಿ ಶೇ 10ರಿಂದ 20ರೊಳಗಿನದು ಮಧ್ಯಮ, 20ರಿಂದ 30ರೊಳಗಿನದು ಹೆಚ್ಚು, 30 ಮತ್ತು ಅದಕ್ಕೆ ಮೇಲ್ಪಟ್ಟದ್ದು ಅತಿ ಹೆಚ್ಚು. ಕೇರಳದ 23.4ಕ್ಕೆ ಹಸಿರು ಬಳಿದರೆ ‘ಹೆಚ್ಚು’ ಎಂಬ ವರ್ಗದಲ್ಲಿರುವ ರಾಜ್ಯಕ್ಕೆ ಚಿತ್ರವೇ ಅಭಯ ಕೊಟ್ಟಂತಾಗುತ್ತದೆ. ನಾಲ್ಕನೇ ಸಮೀಕ್ಷೆಯಲ್ಲಿ ಅಲ್ಲಿನ ಪ್ರಮಾಣ ಶೇ 19.7 ಇತ್ತು, ಐದನೆಯದರಲ್ಲಿ ಏರಿದೆ ಎಂಬುದನ್ನೂ ಆ ಹಸಿರು ಮರೆಸುತ್ತದೆ. ಛಾಯೆಗಳ ಗಡಿಯನ್ನು ಎಲ್ಲಿ ಹಾಕುತ್ತಾರೆ ಎಂಬುದೂ ಹಾಗೆಯೇ. ಗಡಿಯನ್ನು 35ಕ್ಕೆ ಹಾಕಿದರೆ ಕರ್ನಾಟಕ ಶೇ 42.9ರ ಬಿಹಾರದ ಜೊತೆ ಸೇರುತ್ತದೆ, 36ಕ್ಕೆ ಹಾಕಿದರೆ ತೆಲಂಗಾಣದ ಜೊತೆ. ಅಂಕಿ ಬದಲಾಗಿಲ್ಲ, ರಾಜ್ಯದ ಹಣೆಬರಹ ಬದಲಾಗಿದೆ. ಮೊದಲೇ ಒಪ್ಪಿತವಾದ ಮಿತಿಗಳನ್ನೋ ಸಮಾನ ಅಂತರದ ಮಿತಿಗಳನ್ನೋ ಬಳಸಿ, ಅವು ಯಾವುವೆಂದು ಭೂಪಟದ ಬದಿಯಲ್ಲೇ ಬರೆಯುವುದು ನ್ಯಾಯ.

ಜಿಲ್ಲೆಗಳ ಭೂಪಟಕ್ಕೆ ಇಳಿದರೆ ಮಾದರಿ ಇನ್ನೂ ಚಿಕ್ಕದಾಗುತ್ತದೆ. ಸಮೀಕ್ಷೆಯ ಕೋಷ್ಟಕಗಳಲ್ಲಿ 25ರಿಂದ 49 ಪ್ರಕರಣಗಳನ್ನು ಆಧರಿಸಿದ ಅಂಕಿಯನ್ನು ಆವರಣದೊಳಗೆ ಹಾಕಿರುತ್ತಾರೆ. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯನ್ನೇ ಕೊಡದೆ ನಕ್ಷತ್ರ ಚಿಹ್ನೆ ಇಟ್ಟಿರುತ್ತಾರೆ. ಚಿತ್ರಕ್ಕೆ ಎತ್ತಿಕೊಳ್ಳುವಾಗ ಈ ಆವರಣಗಳು ಕಳಚಿ ಬೀಳುವುದೇ ಹೆಚ್ಚು. ಅಂಥ ಜಿಲ್ಲೆಗಳಿಗೆ ಗೀಟುಗಳ ತುಂಬು, ಅಂಕಿ ಇಲ್ಲದವಕ್ಕೆ ಖಾಲಿ ಬಿಳುಪು ಕೊಡಬೇಕು. ತೆಳು ಛಾಯೆ ಕೊಟ್ಟರೆ ಅಲ್ಲಿ ಸಮಸ್ಯೆ ಕಡಿಮೆ ಎಂದು ಓದುಗರು ತಿಳಿಯುತ್ತಾರೆ.

ಶೀರ್ಷಿಕೆಯಲ್ಲಿ ಶೇಕಡಾ ಅಂಶ ಮತ್ತು ಶೇಕಡಾವಾರು ಬೆರೆಯಬಾರದು. 43.7ರಿಂದ 36.2ಕ್ಕೆ ಬಂದದ್ದು ಏಳೂವರೆ ಅಂಶದ ಇಳಿಕೆ. ಹಿಂದಿನ ಪ್ರಮಾಣಕ್ಕೆ ಹೋಲಿಸಿದರೆ ಅದೇ ಶೇ 17ರ ಇಳಿಕೆ. ಎರಡೂ ಸರಿ, ಯಾವುದನ್ನು ಹೇಳುತ್ತಿದ್ದೇವೆಂದು ತಿಳಿಸಬೇಕು ಅಷ್ಟೆ. ಚಿತ್ರದ ಅಡಿಯಲ್ಲಿ ಸಮೀಕ್ಷೆಯ ಹೆಸರು, ಇಸವಿ, ಯಾವ ವಯಸ್ಸಿನ ಮಕ್ಕಳು ಎಂಬ ಒಂದು ಸಾಲು ಇರಬೇಕು. ಅಚ್ಚಿಗೆ ಕಳಿಸುವ ಮೊದಲು ಕಪ್ಪು-ಬಿಳುಪಿನಲ್ಲಿ ಒಂದು ಪ್ರತಿ ತೆಗೆದು ನೋಡುವುದು ಅಗ್ಗದ ಪರೀಕ್ಷೆ: ಛಾಯೆಗಳ ಕ್ರಮ ಅಲ್ಲೂ ಉಳಿದಿದ್ದರೆ ಬಣ್ಣದ ಆಯ್ಕೆ ಸರಿಯಿದೆ, ಎರಡು ವರ್ಗಗಳು ಒಂದೇ ಬೂದಿಯಾಗಿ ಬೆರೆತರೆ ಛಾಯೆಗಳನ್ನು ಮತ್ತೆ ಆರಿಸಬೇಕು.