ಗಂಟೆಗೆ ಸಾವಿರ, ಅದರಲ್ಲಿ ರಿಪೇರಿಗೆಷ್ಟು?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದು ಹದ ಮಳೆ ಬಿದ್ದರೆ ಸಾಕು, ರೋಟವೇಟರ್ ಇರುವ ಟ್ರ್ಯಾಕ್ಟರ್ ಮಾಲೀಕನ ಫೋನಿಗೆ ಬಿಡುವಿರುವುದಿಲ್ಲ. ತನ್ನ ಹೊಲ ಮುಗಿಯುವ ಮೊದಲೇ ಅಕ್ಕಪಕ್ಕದವರು ಸರದಿ ಹಿಡಿದಿರುತ್ತಾರೆ. ಗಂಟೆಗೆ ಇಷ್ಟು ಎಂದು ಬಾಡಿಗೆ, ಅದರಲ್ಲಿ ಡೀಸೆಲ್ಲೂ ಡ್ರೈವರ್ ಕೂಲಿಯೂ ಕಳೆದು ಉಳಿದದ್ದೆಲ್ಲ ಲಾಭ ಎಂಬುದು ಊರಿನ ಲೆಕ್ಕ. ಕ್ಲಚ್ ಪ್ಲೇಟ್ ಸುಟ್ಟ ದಿನ ಆ ಲೆಕ್ಕ ಕೈಕೊಡುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. 45 ಎಚ್‌ಪಿ ಟ್ರ್ಯಾಕ್ಟರಿಗೆ 8 ಲಕ್ಷ, ಆರಡಿ ರೋಟವೇಟರಿಗೆ 1.2 ಲಕ್ಷ, ವರ್ಷಕ್ಕೆ 600 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಬೆಲೆಗಳು ಅಂದಾಜಿನವು, ನಿಮ್ಮ ಅಂಗಡಿಯ ಬಿಲ್ಲನ್ನೇ ಹಾಕಿಕೊಳ್ಳಬಹುದು. ಎಂಜಿನ್ ಆಯಿಲ್ ಮತ್ತು ಫಿಲ್ಟರ್ 250 ಗಂಟೆಗೊಮ್ಮೆ ಬದಲಾಗಬೇಕು. ಅದಕ್ಕೆ 5,000 ರೂಪಾಯಿ ಆದರೆ ಗಂಟೆಗೆ 20 ಬಿತ್ತು. ರೋಟವೇಟರಿನ 42 ಬ್ಲೇಡು ತಲಾ 120 ರೂಪಾಯಿಯಂತೆ ಸುಮಾರು 5,000. ಗರಸು ನೆಲದಲ್ಲಿ ಅವು ನೂರು ಗಂಟೆ ಬಂದರೆ ಗಂಟೆಗೆ 50. ನಾಲ್ಕು ಟೈರಿನ ಸವೆತಕ್ಕೆ 20. ಕ್ಲಚ್, ಬೇರಿಂಗು, ಆಯಿಲ್ ಸೀಲು, ಪಿಟಿಒ ಶಾಫ್ಟಿನ ಕ್ರಾಸು ಎಲ್ಲ ಸೇರಿ 30. ಅಲ್ಲಿಗೆ ಗಂಟೆಗೆ 120, ವರ್ಷಕ್ಕೆ 72,000 ರೂಪಾಯಿ. ಟ್ರ್ಯಾಕ್ಟರ್ ಹೊಸದಿದ್ದಾಗ ಇದರಲ್ಲಿ ಟೈರು, ಕ್ಲಚ್, ಬೇರಿಂಗುಗಳ ಪಾಲು ಖರ್ಚಾಗುವುದೇ ಇಲ್ಲ. ಅದಕ್ಕೇ ಲಾಭದಂತೆ ಕಾಣುತ್ತದೆ.

ಇದರ ಮೇಲೆ ಐದು ಲೀಟರ್ ಡೀಸೆಲ್, ಲೀಟರಿಗೆ 90ರಂತೆ 450. ಡ್ರೈವರಿಗೆ 100. ಹತ್ತು ವರ್ಷದ ನಂತರ ಎರಡೂ ಸೇರಿ 2 ಲಕ್ಷಕ್ಕೆ ಹೋಗುತ್ತವೆ ಎಂದರೆ ಬೆಲೆ ಇಳಿಯುವುದೇ ಗಂಟೆಗೆ 120. ಬಡ್ಡಿ, ವಿಮೆಗೆ ವರ್ಷಕ್ಕೆ 60,000 ಹಿಡಿದರೆ ಇನ್ನೊಂದು 100. ಒಟ್ಟು 890. ಸಾವಿರ ತೆಗೆದುಕೊಂಡವನಿಗೆ 110 ಉಳಿಯಿತು. ಪಕ್ಕದವನ ಪೈಪೋಟಿಗೆ 800ಕ್ಕೆ ಒಪ್ಪಿಕೊಂಡವನು ಪ್ರತಿ ಗಂಟೆಗೂ 90 ರೂಪಾಯಿ ಕೈಯಿಂದ ಹಾಕುತ್ತಿದ್ದಾನೆ, ಆದರೆ ಜೇಬಿನಲ್ಲಿ ಆ ದಿನ ನೋಟು ಇರುವುದರಿಂದ ಅವನಿಗದು ತಿಳಿಯುವುದಿಲ್ಲ.

ಡೀಸೆಲ್ ಎಷ್ಟು ಕುಡಿಯುತ್ತದೆ ಎಂಬುದನ್ನು ಯಾರನ್ನೂ ಕೇಳಬೇಕಿಲ್ಲ. ಟ್ಯಾಂಕ್ ತುಂಬಿಸಿಕೊಂಡು ಹೋಗಿ, ಕೆಲಸ ಮುಗಿದ ಮೇಲೆ ಮತ್ತೆ ತುಂಬಿಸಿ. ಹಿಡಿಸಿದ ಲೀಟರನ್ನು ಗಂಟೆಗಳಿಂದ ಭಾಗಿಸಿದರಾಯಿತು. ಅದೇ ಹೊಲದಲ್ಲಿ ಕಳೆದ ಸಲಕ್ಕಿಂತ ಹೆಚ್ಚು ಕುಡಿದು, ಹೆಂಟೆಯೂ ಒಡೆಯದೆ ಉಳಿದರೆ ಮೊದಲು ಬ್ಲೇಡಿನ ತುದಿ ನೋಡಿ.

ಗಂಟೆಯ ವಿಷಯದಲ್ಲೂ ಜಗಳ ಇದ್ದದ್ದೇ. ಹಳೆಯ ಟ್ರ್ಯಾಕ್ಟರುಗಳ ಅವರ್ ಮೀಟರ್ ಎಂಜಿನ್ನಿನ ಸುತ್ತು ಎಣಿಸುತ್ತದೆಯೇ ಹೊರತು ಹೊತ್ತನ್ನಲ್ಲ. ಬದುವಿನ ಪಕ್ಕ ಸುಮ್ಮನೆ ಗುಡುಗುಡು ಎನ್ನುತ್ತ ನಿಂತಾಗ ಅದು ನಿಧಾನ ಓಡುತ್ತದೆ. ಆಯಿಲ್ ಬದಲಿಸಲು ಮೀಟರನ್ನೇ ನಂಬಿ, ಬಾಡಿಗೆಗೆ ಮಾತ್ರ ಮೀಟರೋ ಕೈಗಡಿಯಾರವೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಹತ್ತು ಗುಂಟೆಗೆ ಐದು ಕಿಲೋಮೀಟರ್ ಕರೆಸುವವರಿಗೆ ಕನಿಷ್ಠ ಒಂದು ಗಂಟೆಯ ದರ ಹಾಕುವುದರಲ್ಲಿ ದಾಕ್ಷಿಣ್ಯ ಬೇಡ.

ಈ ಸೀಮೆಯಲ್ಲಿ ರೋಟವೇಟರಿಗೆ ಕಲ್ಲಿಗಿಂತ ದೊಡ್ಡ ಶತ್ರು ಟೊಮೆಟೊ ಬೆಳೆಯ ಮಲ್ಚಿಂಗ್ ಶೀಟು ಮತ್ತು ಡ್ರಿಪ್ ಪೈಪು. ಕೊಯ್ಲು ಮುಗಿದ ಹೊಲದಲ್ಲಿ ಮಣ್ಣಿನಡಿ ಉಳಿದ ತುಂಡುಗಳು ತಿರುಗುವ ಶಾಫ್ಟಿಗೆ ಸುತ್ತಿಕೊಳ್ಳುತ್ತ ಅಂಚಿಗೆ ಸರಿದು ಆಯಿಲ್ ಸೀಲನ್ನು ತಿನ್ನುತ್ತವೆ. ಸೀಲಿನ ಬೆಲೆ ಅಲ್ಪ. ಆದರೆ ಆಯಿಲ್ ಸೋರಿದ್ದು ಗೊತ್ತಾಗದೆ ಇನ್ನೆರಡು ದಿನ ಓಡಿಸಿದರೆ ಬೇರಿಂಗು, ಗೇರು ಎರಡೂ ಹೋದವು. ಸಂಜೆ ಎಂಜಿನ್ ಆರಿಸಿ, ರೋಟವೇಟರಿಗೆ ಆಧಾರ ಕೊಟ್ಟು, ಸುತ್ತಿದ್ದನ್ನು ಕುಡುಗೋಲಿನಿಂದ ಕೊಯ್ದು ತೆಗೆಯಬೇಕು. ಬದಿಯ ಗೇರ್‌ಬಾಕ್ಸಿನ ಕೆಳಗೆ ಎಣ್ಣೆಗೆ ಅಂಟಿದ ಕಪ್ಪು ಮಣ್ಣು ಕಂಡರೆ ಸೀಲು ಹೋಗಿದೆ ಎಂದರ್ಥ. "ಪೈಪೆಲ್ಲ ಎತ್ತಿದ್ದೀಯೇನಪ್ಪಾ?" ಎಂದು ಕೇಳದೆ ಹೊಲಕ್ಕೆ ಇಳಿಯಬಾರದು. ಎತ್ತಿಲ್ಲದಿದ್ದರೆ, ಅಥವಾ ಹೊಲ ಕಲ್ಲಿನದಾದರೆ, ದರ ಬೇರೆ.

ನೀರಿನ ಪಂಪಿಗೂ ಲೆಕ್ಕದ ದಾರಿ ಇದೇ. ಆದರೆ ಪಂಪಿನ ಜೊತೆ ನಿಮ್ಮ ಡ್ರೈವರ್ ಹೋಗುವುದಿಲ್ಲ. ನೀರಿಲ್ಲದೆ ಒಣಗಿಸಿ ಓಡಿಸಿ ಸೀಲು ಸುಟ್ಟವರು ಯಾರೆಂದು ಆಮೇಲೆ ಪತ್ತೆಯಾಗದು. ಮುಂಗಡ ಹಣ ಇಟ್ಟುಕೊಂಡು, ಕೊಡುವಾಗಲೂ ಪಡೆಯುವಾಗಲೂ ಇಬ್ಬರ ಎದುರಿನಲ್ಲೇ ಚಾಲೂ ಮಾಡಿ ನೋಡುವುದು ಒಳ್ಳೆಯದು.

ಬೆಳೆ ಬಂದ ಮೇಲೆ ಕೊಡುತ್ತೇನೆ ಎನ್ನುವ ನೆಂಟರಿಷ್ಟರಿಗೆ ಇಲ್ಲ ಎನ್ನಲಾಗದು, ನಿಜ. ಹಾಗಿದ್ದರೂ ಡೀಸೆಲ್ ದುಡ್ಡು ಮತ್ತು ಆ 120 ರೂಪಾಯಿಯನ್ನು ಅಂದೇ ಈಸಿಕೊಂಡು, ಉಳಿದದ್ದಕ್ಕೆ ಮಾತ್ರ ಉದ್ರಿ ಕೊಡಿ. ಬಂದ 120ನ್ನು ಮನೆ ಖರ್ಚಿಗೆ ಬೆರೆಸದೆ ಬೇರೆ ಖಾತೆಗೆ ಹಾಕಿ.