ಬೆರಳು ನಿಂತ ಕಡೆಯೇ ಆಸಕ್ತಿ

2021ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ನೂರಕ್ಕೂ ಹೆಚ್ಚು ಹುಸಿ ಟಿಕ್‌ಟಾಕ್ ಖಾತೆಗಳನ್ನು ತೆರೆದು, ಅವನ್ನು ನಡೆಸುವ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಒಪ್ಪಿಸಿತು. ಅದರಲ್ಲೊಂದು ಕೆಂಟಕಿ ರಾಜ್ಯದ 24 ವರ್ಷದವರ ಹೆಸರಿನಲ್ಲಿತ್ತು. ದುಃಖದ ವಿಡಿಯೊ ಕಂಡರೆ ನಿಲ್ಲಬೇಕು, ಬೇರೆಯದನ್ನು ದಾಟಿಸಬೇಕು ಎಂದು ಆ ಪ್ರೋಗ್ರಾಂಗೆ ಹೇಳಲಾಗಿತ್ತು. ಈ ಆಸಕ್ತಿಯನ್ನು ಆ್ಯಪ್‌ಗೆ ಎಲ್ಲಿಯೂ ಬರೆದು ತಿಳಿಸಿರಲಿಲ್ಲ. ಮೂರು ನಿಮಿಷದೊಳಗೆ ಒಂದು ದುಃಖದ ವಿಡಿಯೊ ಬಂತು, ಖಾತೆ ಅದನ್ನು ಎರಡು ಸಲ ನೋಡಿತು. ಒಟ್ಟು 36 ನಿಮಿಷ ನೋಡುವಷ್ಟರಲ್ಲಿ, ಮುಂದೆ ಬರುತ್ತಿದ್ದ ವಿಡಿಯೊಗಳಲ್ಲಿ ಶೇ 93ರಷ್ಟು ದುಃಖ, ಖಿನ್ನತೆಗೆ ಸೇರಿದವಾಗಿದ್ದವು. ನಿಜವಾದ ಮನುಷ್ಯರ ಆಸಕ್ತಿಗಳು ಇಷ್ಟು ಏಕಮುಖವಾಗಿರುವುದಿಲ್ಲ ಎಂದು ಕಂಪನಿ ಆಕ್ಷೇಪಿಸಿತು. ಆ ಮಾತಿನಲ್ಲಿ ನಿಜವಿದೆ. ಆದರೆ ಮನಸ್ಸು ನೊಂದ ರಾತ್ರಿ ಹದಿನಾರರ ಹುಡುಗಿಯೊಬ್ಬಳು ಮೊಬೈಲ್ ಹಿಡಿದರೆ, ಆ ಹೊತ್ತಿಗೆ ಅವಳೂ ಏಕಮುಖಿಯೇ.

ಇದು ಹೇಗೆ ನಡೆಯುತ್ತದೆ? ಯೂಟ್ಯೂಬ್ ಎಂಜಿನಿಯರ್‌ಗಳು 2016ರ ಪ್ರಬಂಧದಲ್ಲಿ ತಮ್ಮ ವ್ಯವಸ್ಥೆಯನ್ನು ವಿವರಿಸಿದ್ದಾರೆ. ಮೊದಲ ಸುತ್ತಿನಲ್ಲಿ, ನೀವು ಹಿಂದೆ ನೋಡಿದ್ದರ ಆಧಾರದ ಮೇಲೆ, ಲಕ್ಷಾಂತರ ವಿಡಿಯೊಗಳಿಂದ ಕೆಲವು ನೂರನ್ನು ಸೋಸಲಾಗುತ್ತಿತ್ತು. ಎರಡನೆಯ ಸುತ್ತಿನಲ್ಲಿ, ಪ್ರತಿಯೊಂದನ್ನೂ ನೀವು ಎಷ್ಟು ಹೊತ್ತು ನೋಡಬಹುದೆಂದು ಅಂದಾಜಿಸಿ ಸಾಲಾಗಿ ಜೋಡಿಸಲಾಗುತ್ತಿತ್ತು. ಆ ಪ್ರಬಂಧದ ಪ್ರಕಾರ ಅಳೆಯುತ್ತಿದ್ದುದು ಹೊತ್ತನ್ನು, ಮೆಚ್ಚುಗೆಯನ್ನಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜಗಳವಾದರೆ ನಾವೂ ನಿಂತು ನೋಡುತ್ತೇವೆ, ಜಗಳ ಇಷ್ಟವೆಂದಲ್ಲ. ಹೊತ್ತನ್ನೇ ಎಣಿಸುವ ಯಂತ್ರಕ್ಕೆ ಮಾತ್ರ ಈ ವ್ಯತ್ಯಾಸ ಕಾಣುವುದು ಕಷ್ಟ. ನಾಳೆ ಅದು ಇನ್ನೂ ನಾಲ್ಕು ಜಗಳ ತಂದಿಡುತ್ತದೆ.

ಹೀಗೆ ನಮ್ಮ ನೋಟವೇ ನಮ್ಮ ಸುತ್ತ ಕಟ್ಟುವ ಗೋಡೆಗೆ ಎಲಿ ಪ್ಯಾರಿಸರ್ 2011ರಲ್ಲಿ 'ಫಿಲ್ಟರ್ ಬಬಲ್' ಎಂದು ಹೆಸರಿಟ್ಟರು. ಈ ಗುಳ್ಳೆ ಅಭಿಪ್ರಾಯವನ್ನೂ ಬದಲಿಸುತ್ತದೆಯೇ? 2020ರ ಅಮೆರಿಕ ಚುನಾವಣೆಯ ವೇಳೆ ಸಂಶೋಧಕರು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಳಸುವ ಸಾವಿರಾರು ವಯಸ್ಕರ ಫೀಡ್‌ನಿಂದ ಯಂತ್ರದ ಆಯ್ಕೆಯನ್ನು ಕಿತ್ತು, ಪೋಸ್ಟ್‌ಗಳನ್ನು ಬಂದ ಸಮಯದ ಕ್ರಮದಲ್ಲೇ ತೋರಿಸಿದರು. ಆ ಜನ ಅಲ್ಲಿ ಕಳೆಯುವ ಹೊತ್ತು ಗಣನೀಯವಾಗಿ ಇಳಿಯಿತು. ಮೂರು ತಿಂಗಳಲ್ಲಿ ಅವರ ರಾಜಕೀಯ ನಿಲುವು ಮಾತ್ರ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಗಮನವನ್ನು ಹಿಡಿದಿಡುವುದು ಸ್ಪಷ್ಟ, ಅಭಿಪ್ರಾಯ ತಿದ್ದುವುದು ಅಷ್ಟು ಸ್ಪಷ್ಟವಲ್ಲ. ಆದರೆ ನಿಲುವು ಆಗಲೇ ಗಟ್ಟಿಯಾದ ವಯಸ್ಕರ ಫಲಿತಾಂಶವನ್ನು, ಇನ್ನೂ ಲೋಕವನ್ನು ಅರಿಯುತ್ತಿರುವ ಮಕ್ಕಳಿಗೆ ಹಾಗೆಯೇ ಅನ್ವಯಿಸಲು ನನಗೆ ಧೈರ್ಯ ಬರುವುದಿಲ್ಲ. ಅವರಿಗೆ ಎದುರು ವಾದವೊಂದು ಇದೆ ಎಂಬುದೇ ಕಾಣದೆ ಹೋಗಬಹುದು.

ಗುಳ್ಳೆ ಎಷ್ಟು ಬಿಗಿಯೆಂದು ಮನೆಯಲ್ಲೇ ನೋಡಬಹುದು. ಮಗನ ಮೊಬೈಲನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು, ಯೂಟ್ಯೂಬಿನ ಮೊದಲ ಇಪ್ಪತ್ತು ವಿಡಿಯೊಗಳನ್ನು ಹೋಲಿಸಿ. ನೋಡಿದ್ದರ ದಾಖಲೆಯನ್ನು ಅಳಿಸಿ ನಿಲ್ಲಿಸಿಬಿಟ್ಟರೆ ಆ ಮುಖಪುಟ ಬಹುಪಾಲು ಬರಿದಾಗುತ್ತದೆ. ಇನ್‌ಸ್ಟಾಗ್ರಾಂನಲ್ಲೂ ಶಿಫಾರಸುಗಳನ್ನು ಮೊದಲಿನಿಂದ ಶುರುಮಾಡುವ ಆಯ್ಕೆಯಿದೆ. ಬೆರಳು ಮತ್ತೆ ಅಲ್ಲೇ ನಿಂತರೆ, ಹಳೆಯ ಸಾಲು ಮರಳಿ ಬರಲು ಬಹಳ ದಿನ ಬೇಕಿಲ್ಲ.