ಕ್ಯಾಂಪಸ್‌ನ ವಿದ್ಯುತ್ ಉಂಗುರದಲ್ಲಿ ಮೊದಲು ಬೀಳಬೇಕಾದ ಬ್ರೇಕರ್ ಯಾವುದು?

ನಾಲ್ಕು ಸಬ್‌ಸ್ಟೇಷನ್‌ಗಳಿರುವ ಒಂದು ಕಾಲೇಜು ಕ್ಯಾಂಪಸ್ ಎಂದುಕೊಳ್ಳೋಣ. ಹಾಸ್ಟೆಲ್, ಪ್ರಯೋಗಾಲಯ, ಗ್ರಂಥಾಲಯ, ಆಡಳಿತ ಕಟ್ಟಡ, ಈ ಸಾಲಿನಲ್ಲಿ ಒಂದೊಂದರ ಪಕ್ಕ 1000 ಕೆವಿಎ ಟ್ರಾನ್ಸ್‌ಫಾರ್ಮರ್. ಗೇಟಿನ ಬಳಿಯ ಮುಖ್ಯ ಪ್ಯಾನೆಲ್‌ನಿಂದ ಹೊರಟ 11 ಕೆವಿ ನೆಲದಡಿ ಕೇಬಲ್ ನಾಲ್ಕನ್ನೂ ಹಾದು ಅದೇ ಪ್ಯಾನೆಲ್‌ಗೆ ಮರಳುತ್ತದೆ. ಕೇಬಲ್‌ನ ಎರಡು ತುದಿಗೂ ಪ್ಯಾನೆಲ್‌ನಲ್ಲಿ ಒಂದೊಂದು ಬ್ರೇಕರ್. ಪ್ರತಿ ಸಬ್‌ಸ್ಟೇಷನ್‌ನ ರಿಂಗ್ ಮೇನ್ ಯೂನಿಟ್‌ನಲ್ಲಿ ಕೇಬಲ್ ಬಂದು ಹೋಗಲು ಎರಡು ಸ್ವಿಚ್, ಟ್ರಾನ್ಸ್‌ಫಾರ್ಮರ್‌ಗೆ ಒಂದು ಬ್ರೇಕರ್.

ಉಂಗುರವನ್ನು ಪೂರ್ತಿ ಮುಚ್ಚುವುದಿಲ್ಲ. ಪ್ರಯೋಗಾಲಯ ಮತ್ತು ಗ್ರಂಥಾಲಯದ ನಡುವಿನ ಒಂದು ಸ್ವಿಚ್ ಸದಾ ತೆರೆದಿರುತ್ತದೆ. ಹಾಸ್ಟೆಲ್‌ನಿಂದ ಪ್ರಯೋಗಾಲಯಕ್ಕೆ ಹೋಗುವ ಕೇಬಲ್ ಸುಟ್ಟಿತೆನ್ನಿ. ಸ್ವಿಚ್‌ಗಳಿಗೆ ಲೋಡನ್ನು ಕಡಿಯುವ ಶಕ್ತಿಯುಂಟು, ಶಾರ್ಟ್ ಸರ್ಕ್ಯೂಟ್ ಕಡಿಯುವ ಶಕ್ತಿಯಿಲ್ಲ. ಆದ್ದರಿಂದ ಆ ಕಡೆಯ ಮುಖ್ಯ ಬ್ರೇಕರೇ ಬೀಳುತ್ತದೆ, ಎರಡೂ ಕಟ್ಟಡ ಕತ್ತಲಾಗುತ್ತವೆ. ಫಾಲ್ಟ್ ಸೂಚಕ ಹಾಸ್ಟೆಲ್‌ನಲ್ಲಿ ಮಿನುಗುತ್ತದೆ, ಪ್ರಯೋಗಾಲಯದಲ್ಲಿ ಮಿನುಗುವುದಿಲ್ಲ. ಕೆಟ್ಟ ತುಂಡು ಇವೆರಡರ ನಡುವೆ. ಅದರ ಎರಡೂ ಕೊನೆಯ ಸ್ವಿಚ್ ತೆರೆದು, ಮುಖ್ಯ ಬ್ರೇಕರ್ ಹಾಕಿ, ಆಮೇಲೆ ನಡುವಿನ ತೆರೆದ ಸ್ವಿಚ್ ಮುಚ್ಚಿದರೆ ಎಲ್ಲರಿಗೂ ಬೆಳಕು. ಹಳೆಯ ಫಾಲ್ಟ್‌ನ ಸೂಚಕವನ್ನು ರೀಸೆಟ್ ಮಾಡದೆ ಬಿಟ್ಟಿದ್ದರೆ ಮಾತ್ರ ಅದು ದಾರಿ ತಪ್ಪಿಸುತ್ತದೆ.

ಕೆಲವೊಮ್ಮೆ ಇಡೀ ಹೊರೆ ಒಂದೇ ತುದಿಯಿಂದ ಹೋಗಬೇಕಾಗುತ್ತದೆ. ನಾಲ್ಕೂ ಟ್ರಾನ್ಸ್‌ಫಾರ್ಮರ್ ತುಂಬಿದರೂ 210 ಆಂಪಿಯರ್, ಯೂನಿಟ್‌ನ ಅಳತೆ 630. ಸರಬರಾಜಿನ ಶಾರ್ಟ್ ಸರ್ಕ್ಯೂಟ್ ಮಟ್ಟ 250 ಎಂವಿಎ ಇದ್ದರೆ 13 ಕಿಲೋಆಂಪಿಯರ್ ಹರಿಯಬಹುದು. 21 ಕಿಲೋಆಂಪಿಯರ್ ತಾಳುವ ಯೂನಿಟ್ ಸಾಕು.

ರಿಲೇ ಸೆಟ್ಟಿಂಗ್‌ಗೆ ಹೆಚ್ಚು ಯೋಚನೆ ಬೇಕು. ಒಂದು ಟ್ರಾನ್ಸ್‌ಫಾರ್ಮರ್‌ನ ಪೂರ್ಣ ಹೊರೆ 11 ಕೆವಿ ಬದಿಯಲ್ಲಿ 52.5 ಆಂಪಿಯರ್. ಅದರ ಇಂಪೀಡೆನ್ಸ್ ಶೇ 5 ಆದರೆ, 433 ವೋಲ್ಟ್ ಬದಿಯಲ್ಲಿ ಎಷ್ಟೇ ದೊಡ್ಡ ಶಾರ್ಟ್ ಆದರೂ ಮೇಲಿನ ಬದಿಗೆ ಕಾಣುವುದು ಸುಮಾರು 1050. ಅದನ್ನು ಕೆಳಗಿನ ಬ್ರೇಕರ್ ಕಡಿಯಲಿ. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಬ್ರೇಕರ್‌ನ ರಿಲೇಯಲ್ಲಿ ತಡವಾಗಿ ಕೆಲಸ ಮಾಡುವ ಘಟಕವನ್ನು 65ಕ್ಕೆ, ತಕ್ಷಣ ಬೀಳಿಸುವ ಘಟಕವನ್ನು 1400ಕ್ಕೆ ಇಡುತ್ತಾರೆ. ಟ್ರಾನ್ಸ್‌ಫಾರ್ಮರ್‌ನ ಮೇಲ್ಬದಿಯಲ್ಲೇ ಫಾಲ್ಟ್ ಆದರೆ ಪ್ರವಾಹ ಸಾವಿರಾರು ಆಂಪಿಯರ್ ಇರುವುದರಿಂದ ಆ ಬ್ರೇಕರ್ ಕೂಡಲೇ ಬೀಳುತ್ತದೆ. ಮುಖ್ಯ ಬ್ರೇಕರ್ ಅದಕ್ಕಿಂತ ಸುಮಾರು 0.3 ಸೆಕೆಂಡ್ ಕಾಯಬೇಕು.

ಈ ಕಾಯುವಿಕೆಯನ್ನು ಕೆಲವರು ಅಪಾಯವೆಂದು ಬಗೆದು, ಮುಖ್ಯ ರಿಲೇಯ ತಕ್ಷಣದ ಘಟಕವನ್ನು 800 ಆಂಪಿಯರ್‌ಗೆ ಇಳಿಸುತ್ತಾರೆ. ಅದು ತಪ್ಪು. ಹೊಸದಾಗಿ ವಿದ್ಯುತ್ ತಾಗಿದ ಟ್ರಾನ್ಸ್‌ಫಾರ್ಮರ್ ಕ್ಷಣಕಾಲ ಪೂರ್ಣ ಹೊರೆಯ ಹತ್ತು ಪಟ್ಟಿನಷ್ಟು ಎಳೆಯಬಹುದು, ಎರಡು ಸೇರಿದರೆ 1050. ಸರಬರಾಜು ಬಂದ ಕ್ಷಣವೇ ಬ್ರೇಕರ್ ಬಿದ್ದು, ರಿಲೇಯಲ್ಲಿ ಭೂದೋಷದ ಗುರುತಿಲ್ಲದೆ ಫೇಸ್ ಘಟಕದ ಗುರುತು ಮಾತ್ರ ಕಂಡು, ಕೇಬಲ್‌ನ ಇನ್ಸುಲೇಷನ್ ಪರೀಕ್ಷೆಯೂ ಸರಿಯಿದ್ದರೆ, ನೆಲ ಅಗೆಯುವ ಮೊದಲು ಈ ಸೆಟ್ಟಿಂಗನ್ನು ನೋಡಬೇಕು.